ಫೋನಿನಲ್ಲಿ ಕನ್ನಡ ಪಾಠ: ಈವರೆಗಿನ ದಾಖಲೆ

ಜೂನ್

ಬೇರೆ ರಾಜ್ಯಗಳಿಂದ ಬೆಂಗಳೂರಿಗೆ ಬಂದವರಿಗೆ ಮಾತನಾಡುವ ಕನ್ನಡವನ್ನು ಫೋನಿನಲ್ಲೇ ಕಲಿಸುವ ಕೆಲಸವನ್ನು ಈ ತಿಂಗಳು ಆರಂಭಿಸಿದೆ. ಕಣ್ಣು ಕಾಣದ ನನ್ನಂಥವರಿಗೆ ಎಲ್ಲರೂ ಮೊದಲು ಹೇಳುವ ಕೆಲಸ ಟೆಲಿಕಾಲಿಂಗ್. ಅದನ್ನು ಚೆನ್ನಾಗಿ ಮಾಡುವವರಿದ್ದಾರೆ. ಆದರೆ ಅಲ್ಲಿ ಗ್ರಾಹಕರ ಮಾತನ್ನೂ ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರಿನ ಮಾತನ್ನೂ ಒಟ್ಟಿಗೇ ಕೇಳಿಸಿಕೊಳ್ಳಬೇಕು. ಕಂಪನಿಯ ತಂತ್ರಾಂಶದ ಗುಂಡಿಗಳಿಗೆ ಹೆಸರು ಕೊಟ್ಟಿರದಿದ್ದರೆ ಫೋನಿನ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್ ಅವು ಗುಂಡಿಗಳೆಂದಷ್ಟೇ ಹೇಳುತ್ತದೆ, ಯಾವುದಕ್ಕೆಂದು ಹೇಳುವುದಿಲ್ಲ. ಪಾಠದಲ್ಲಿ ಕರೆ ಸೇರಿದ ಮೇಲೆ ಪರದೆಯನ್ನು ಮುಟ್ಟುವ ಅಗತ್ಯವೇ ಇಲ್ಲ. ಅರ್ಧ ಗಂಟೆ ಕಿವಿ ಮತ್ತು ಬಾಯಿಯದೇ ಕೆಲಸ.

ಮೊದಲ ವಿದ್ಯಾರ್ಥಿನಿ ಲಖನೌ ಕಡೆಯವರು, ಬೆಳ್ಳಂದೂರಿನಲ್ಲಿ ಬಾಡಿಗೆ ಮನೆ. ಅವರಿಗೆ ಬೇಕಾದದ್ದು ವ್ಯಾಕರಣವಲ್ಲ; ಮನೆಗೆಲಸದವರೊಂದಿಗೆ, ತರಕಾರಿಯವರೊಂದಿಗೆ, ಆಟೋ ಚಾಲಕರೊಂದಿಗೆ ನಾಲ್ಕು ಮಾತು. ಹಾಗಾಗಿ ಮೊದಲ ಪಾಠವನ್ನು ಬೇಕು, ಬೇಡ, ಇದೆ, ಇಲ್ಲ, ಕೊಡಿ ಎಂಬ ಐದು ಪದಗಳ ಮೇಲೆ ಕಟ್ಟಿದೆ. ಅವರು 'ನಾನು ಬೇಕು' ಎನ್ನುತ್ತಿದ್ದರು. ಹಿಂದಿಯಲ್ಲಿ ಅವರೇ 'ಮುಝೇ ಚಾಹಿಯೇ' ಎನ್ನುವುದನ್ನು ನೆನಪಿಸಿದೆ. 'ನನಗೆ ಬೇಕು' ಮುಂದೆ ತಾನಾಗಿ ಬಂತು.

ಜುಲೈ

ದನಿಯ ವ್ಯವಸ್ಥೆ ಈಗ ಸರಿಹೋಗಿದೆ. ಸ್ಪೀಕರ್ ಹಾಕಿದರೆ ಟಾಕ್‌ಬ್ಯಾಕ್ ಆಡಿದ್ದೆಲ್ಲ ಮೈಕಿನೊಳಗೆ ಹೋಗಿ ವಿದ್ಯಾರ್ಥಿಗೂ ಕೇಳಿಸುತ್ತದೆ, ಯಾರದೋ ಸಂದೇಶ ಬಂದರೆ ಅದೂ ಸಹ. ಆದ್ದರಿಂದ ಮೈಕ್ ಇರುವ ತಂತಿಯ ಇಯರ್‌ಫೋನ್, ಮತ್ತು ಪಾಠ ಮುಗಿಯುವವರೆಗೆ 'ಡು ನಾಟ್ ಡಿಸ್ಟರ್ಬ್'.

ಮನೆಪಾಠದ ವಿಷಯದಲ್ಲಿ ಒಂದು ನಿಯಮ ಮಾಡಿದ್ದೇನೆ: ಎಲ್ಲವೂ ಧ್ವನಿ ಸಂದೇಶದಲ್ಲೇ ಬರಬೇಕು. ವಿದ್ಯಾರ್ಥಿಗಳು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುತ್ತಾರೆ, ಅದನ್ನು ಟಾಕ್‌ಬ್ಯಾಕ್ ಇಂಗ್ಲಿಷಿನಂತೆ ಓದಿದಾಗ ಏನೆಂದು ತಿಳಿಯುವುದಿಲ್ಲ. ಈ ನಿಯಮದಿಂದ ಅವರಿಗೇ ಹೆಚ್ಚು ಲಾಭವಾಗುತ್ತಿದೆ ಎಂದು ನನ್ನ ನಂಬಿಕೆ. ಹಿಂದಿಯಲ್ಲಿ ಹ್ರಸ್ವ ಎ ಮತ್ತು ಒ ನಮ್ಮಲ್ಲಿದ್ದಂತೆ ಬೇರೆಯಾಗಿ ನಿಲ್ಲುವುದಿಲ್ಲ. ಬೆಳೆ ಎನ್ನುವಲ್ಲಿ ಬೇಳೆ ಎಂದರೆ ಬರಹದಲ್ಲಿ ಅದು ಅಡಗಿಕೊಳ್ಳುತ್ತದೆ, ಕಿವಿಗೆ ಕೂಡಲೇ ಸಿಗುತ್ತದೆ. ಸಂದೇಶವನ್ನು ಎರಡು ಸಲ ಕೇಳಿ, ತಪ್ಪಿದ ಪದವನ್ನು ಮಾತ್ರ ನಿಧಾನವಾಗಿ ಹೇಳಿ ಕಳುಹಿಸುತ್ತೇನೆ.

ಆಗಸ್ಟ್

ಹಣದ ವಿಷಯ. ಅರ್ಧ ಗಂಟೆಯ ಪಾಠಕ್ಕೆ ₹200, ತಿಂಗಳಿಗೆ 8 ಪಾಠ, ಅಂದರೆ ಒಬ್ಬರಿಂದ ₹1,600, ಮುಂಗಡವಾಗಿ. ಪಾಠಕ್ಕೊಂದು ಸಲ ಹಣ ಕೇಳುವುದು ಇಬ್ಬರಿಗೂ ಮುಜುಗರ, ಮುಂಗಡ ಕೊಟ್ಟವರು ಪಾಠ ತಪ್ಪಿಸುವುದೂ ಕಡಿಮೆ.

ಯುಪಿಐ ಮೂಲಕ ಹಣ ಕಳುಹಿಸಿ ಎಲ್ಲರೂ ಸ್ಕ್ರೀನ್‌ಶಾಟ್ ಹಾಕುತ್ತಾರೆ. ಸಾಮಾನ್ಯವಾಗಿ ಸ್ಕ್ರೀನ್ ರೀಡರಿಗೆ ಅದು ಬರೀ ಚಿತ್ರ. ಓದಿಸಿಕೊಂಡರೂ ಅದು ಸಾಕ್ಷಿಯಲ್ಲ, ನಕಲಿ ಸ್ಕ್ರೀನ್‌ಶಾಟ್ ಮಾಡುವುದು ಸುಲಭ. ನಾನು ಬ್ಯಾಂಕಿನ ಎಸ್‌ಎಂಎಸ್ ಬಂದಿದೆಯೇ ಎಂದು ನೋಡುತ್ತೇನೆ, ಅನುಮಾನವಿದ್ದರೆ ಖಾತೆಯಲ್ಲಿರುವ ಮೊತ್ತವನ್ನೂ ಕೇಳಿಸಿಕೊಳ್ಳುತ್ತೇನೆ. ಎಸ್‌ಎಂಎಸ್ ಸಾಧಾರಣ ಮೊಬೈಲ್ ಸಂಖ್ಯೆಯಿಂದ ಬಂದಿದ್ದರೆ ಅದು ಬ್ಯಾಂಕಿನದ್ದಲ್ಲ. ಈ ತಿಂಗಳು ಪಾಠ ಬೇಕೆಂದು ಕರೆ ಮಾಡಿದ ಒಬ್ಬರು, 'ಹಣ ಕಳುಹಿಸಿದ್ದೇನೆ, ಪಿನ್ ಹಾಕಿ ಸ್ವೀಕರಿಸಿ' ಎಂದರು. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಪಿನ್ ಒತ್ತಿದರೆ ಹಣ ನಮ್ಮ ಖಾತೆಯಿಂದಲೇ ಹೋಗುತ್ತದೆ. ಕರೆ ಕತ್ತರಿಸಿದೆ. ಪರದೆಯ ಬಣ್ಣ, ಗುರುತು ಕಾಣದ ನಮಗೆ ಈ ಒಂದು ಸಂಗತಿ ಬಾಯಿಪಾಠವಾಗಿರಬೇಕು.

ಸೆಪ್ಟೆಂಬರ್

ಈಗ ಐವರು ಕಲಿಯುತ್ತಿದ್ದಾರೆ: ತಿಂಗಳಿಗೆ ₹8,000. ಇಬ್ಬರನ್ನು ಮೊದಲ ವಿದ್ಯಾರ್ಥಿನಿಯೇ ಕಳುಹಿಸಿದರು. ಅವರು ಈಗ ಮನೆಗೆಲಸದ ಅಮ್ಮನ ಜೊತೆ ಮಕ್ಕಳ ಶಾಲೆಯ ವಿಷಯ ಮಾತನಾಡುತ್ತಾರಂತೆ. 'ಮೇಡಂ, ಅವರು ನನ್ನನ್ನು ನೋಡಿ ನಕ್ಕರು, ಆಮೇಲೆ ತಿದ್ದಿದರು' ಎಂದು ಧ್ವನಿ ಸಂದೇಶ ಕಳುಹಿಸಿದ್ದರು. ತುಂಬಾ ಸಂತೋಷವಾಯಿತು.

ಈ ಕೆಲಸಕ್ಕೆ ಒಂದು ಮಿತಿ ಇದೆ. ಕೆಲಸಕ್ಕೆ ಹೋಗುವವರು ಬಿಡುವಾಗುವುದು ರಾತ್ರಿ ಏಳೂವರೆಯ ನಂತರವೇ, ಮೂರು ಪಾಠಗಳಾಚೆ ನನ್ನ ಗಂಟಲು ದಣಿಯುತ್ತದೆ, ದಣಿದ ಗಂಟಲಿನಲ್ಲಿ ಲ ಮತ್ತು ಳ ಸ್ಪಷ್ಟವಾಗುವುದಿಲ್ಲ. ವಾರಕ್ಕೆ ಐದು ರಾತ್ರಿ ಮೂರರಂತೆ 15 ಪಾಠ. ಒಬ್ಬರಿಗೆ ವಾರಕ್ಕೆ ಎರಡರಂತೆ ಏಳು ಮಂದಿಗಿಂತ ಹೆಚ್ಚು ಹಿಡಿಸುವುದಿಲ್ಲ. ಅಂದರೆ ₹11,200. ಅದನ್ನು ಮೀರಬೇಕಾದರೆ ದರ ಏರಿಸಬೇಕು ಅಥವಾ ಗುಂಪು ಪಾಠ ಮಾಡಬೇಕು. ಅಕ್ಟೋಬರಿನಲ್ಲಿ ಮೂವರ ಗುಂಪಿನಿಂದ ಆರಂಭಿಸುತ್ತೇನೆ. ಮಾತನಾಡುವ ಮೊದಲು ಪ್ರತಿಯೊಬ್ಬರೂ ತಮ್ಮ ಹೆಸರು ಹೇಳಬೇಕೆಂಬ ಕಟ್ಟಳೆಯೊಂದಿಗೆ, ಒಬ್ಬರಿಗೆ ₹120 ದರದಲ್ಲಿ.