ಗ್ರೇವಿಯಲ್ಲಿ ಮೀನು ಒಡೆಯದ ಹಾಗೆ: ಈವರೆಗೆ ಎಲ್ಲಿಗೆ ಬಂತು

ಅರ್ಧ ಕೆಜಿ ಮೀನಿಗೆ ಒಂದು ಕ್ರಮ ಈಗ ಕೈಗೆ ಹತ್ತಿದೆ. ಎರಡೂವರೆ ಸೆಂ.ಮೀ. ದಪ್ಪಕ್ಕೆ ಅಡ್ಡ ಕತ್ತರಿಸಿದ ತುಂಡುಗಳು. ಚರ್ಮ, ನಡುಮುಳ್ಳು ಎರಡನ್ನೂ ಬಿಡಿಸುವುದಿಲ್ಲ. ತುಂಡನ್ನು ಹಿಡಿದಿಡುವುದೇ ಅವು.

ಮೀನಿನ ಮಾಂಸ ಎಸಳು ಎಸಳಾಗಿರುತ್ತದೆ ಅಲ್ವಾ? ಆ ಎಸಳುಗಳ ನಡುವೆ ತೆಳ್ಳನೆ ಪೊರೆ ಇದೆ. ಗ್ರೇವಿ ಕುದಿಯುವಷ್ಟು ಬಿಸಿಯೇ ಬೇಕಿಲ್ಲ, ಅದಕ್ಕೂ ಎಷ್ಟೋ ಮೊದಲೇ ಪೊರೆ ಕರಗುತ್ತದೆ. ಆಮೇಲೆ ಕುದಿಯ ಹೊಡೆತವೋ ಸೌಟೋ ತಾಗಿದರೆ ಎಸಳು ಬಿಟ್ಟುಕೊಳ್ಳುತ್ತದೆ. ಹಾಗಾಗಿ ಗ್ರೇವಿಯ ಕೆಲಸವೆಲ್ಲ ಮೀನು ಹಾಕುವ ಮೊದಲೇ ಮುಗಿಯಬೇಕು.

ಮಸಾಲೆ ಹಚ್ಚುವುದರಲ್ಲಿ ನಿಜವಾಗಿ ಕೆಲಸ ಮಾಡುವುದು ಉಪ್ಪು. ಮುಕ್ಕಾಲು ಟೀ ಚಮಚ ಉಪ್ಪು, ಸ್ವಲ್ಪ ಅರಿಶಿನ ಸವರಿ ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿ ಇಡುತ್ತೇನೆ. ತಟ್ಟೆಯಲ್ಲಿ ನೀರು ನಿಲ್ಲುತ್ತದೆ, ತುಂಡಿನ ಮೇಲ್ಮೈ ಬಿಗಿಯಾಗುತ್ತದೆ. ಆ ನೀರು ಚೆಲ್ಲಿ, ತುಂಡುಗಳನ್ನು ಒರೆಸಿಕೊಳ್ಳಬೇಕು. ನಿಂಬೆರಸವೂ ಮೇಲ್ಮೈಯನ್ನು ಗಟ್ಟಿ ಮಾಡುತ್ತದೆ, ಆದರೆ ಜಾಸ್ತಿ ಹೊತ್ತು ಇಟ್ಟರೆ ಅಂಚು ಬೆಳ್ಳಗಾಗಿ ಪುಡಿಪುಡಿ ಆಗುತ್ತದೆ. ಅದಕ್ಕೇ ಹುಳಿಯನ್ನು ಗ್ರೇವಿಗೆ ಮಾತ್ರ ಬಿಟ್ಟಿದ್ದೇನೆ.

ಪಾತ್ರೆ ಅಗಲವಾಗಿರಲಿ, ತಳ ದಪ್ಪ ಇರಲಿ. ಎಲ್ಲ ತುಂಡುಗಳೂ ಒಂದೇ ಸಾಲಿನಲ್ಲಿ ಕೂರಬೇಕು. ಆಳದ ಪಾತ್ರೆಯಲ್ಲಿ ಒಂದರ ಮೇಲೊಂದು ಬಿದ್ದರೆ ಕೆಳಗಿನದನ್ನು ಮೇಲೆ ತರಲು ಸೌಟು ಹಾಕಲೇಬೇಕಾಗುತ್ತದೆ, ಅಲ್ಲೇ ಒಡೆಯುತ್ತದೆ.

ಇತ್ತೀಚಿನ ಸರದಿ ಹೀಗಿತ್ತು. ಮಸಾಲೆಯ ಹಸಿ ವಾಸನೆ ಹೋಗುವವರೆಗೆ ಗ್ರೇವಿ ಕುದಿಸಿದೆ. ಉಪ್ಪು, ಹುಳಿ, ಮಂದ ಎಲ್ಲ ಆಗಲೇ ನೋಡಿಕೊಂಡೆ, ಮೀನು ಬಿದ್ದ ಮೇಲೆ ತಿದ್ದಲು ಹೋದರೆ ಕಲಕಬೇಕಾಗುತ್ತದೆ. ತುಂಡುಗಳನ್ನು ಒಂದೊಂದಾಗಿ ಜಾರಿಸಿದೆ. ಗ್ರೇವಿ ಸ್ವಲ್ಪ ತಣಿಯಿತು. ಮತ್ತೆ ಕುದಿ ಕಾಣಿಸಿಕೊಂಡ ತಕ್ಷಣ ಉರಿ ಸಣ್ಣ ಮಾಡಿದೆ, ಅಂಚಿನಲ್ಲಿ ಮಾತ್ರ ಚಿಕ್ಕ ಗುಳ್ಳೆ ಏಳುವಷ್ಟು. ನಾಲ್ಕು ನಿಮಿಷಕ್ಕೆ ಮೇಲ್ಭಾಗಕ್ಕೆ ಗ್ರೇವಿ ಹನಿಸಿದೆ, ತುಂಡು ಮಗುಚಲಿಲ್ಲ. ಹಿಡಿಕೆ ಹಿಡಿದು ಪಾತ್ರೆಯನ್ನೇ ಮೆಲ್ಲಗೆ ಸುತ್ತಿಸಿದೆ. ಇನ್ನು ಮೂರು ನಿಮಿಷಕ್ಕೆ ಒಲೆ ಆರಿಸಿ ಮುಚ್ಚಿಟ್ಟೆ.

ಬೆಂದಿದೆಯಾ ಅಂತ ನೋಡಲು ಗಡಿಯಾರಕ್ಕಿಂತ ಚಾಕು ನಂಬಿಕೆಗೆ ಅರ್ಹ. ಆರಿಸುವ ಮೊದಲು ಅತಿ ದಪ್ಪ ತುಂಡಿನ ಮುಳ್ಳಿನ ಪಕ್ಕ ತುದಿ ಚುಚ್ಚಿ ನೋಡುತ್ತೇನೆ. ಒಳಗಿನ ಗಾಜಿನಂಥ ಬಣ್ಣ ಹೋಗಿ ಬೆಳ್ಳಗಾಗಿದ್ದು, ಮಾಂಸ ಮುಳ್ಳಿನಿಂದ ತುಸು ತಡೆದು ಬಿಡಬೇಕು. ತಾನಾಗಿ ಕಳಚಿದರೆ ಹೊತ್ತು ಮೀರಿದೆ ಅಂತ ಅರ್ಥ. ಪಾತ್ರೆ ತುಂಬಾ ದಪ್ಪ ಇದ್ದರೆ ಬಿಸಿ ಹಿಡಿದಿಡುತ್ತದೆ, ಒಂದು ನಿಮಿಷ ಮೊದಲೇ ಆರಿಸುವುದು ಒಳ್ಳೆಯದು.

ಈ ಸಲ ತುಂಡುಗಳು ಇಡಿಯಾಗಿ ಬಡಿಸಲು ಬಂದವು. ಎತ್ತಲು ಚಪ್ಪಟೆ ಚಮಚ ಬೇಕು, ಗುಂಡು ಸೌಟಿನಲ್ಲಿ ಎತ್ತಿದರೆ ತುಂಡು ನಡುವೆ ಮುರಿಯುತ್ತದೆ.

ಇನ್ನೂ ಬಗೆಹರಿಯದ್ದು ಮರುದಿನ ಬಿಸಿ ಮಾಡುವುದು. ಮುಂದಿನ ಸಲ ತುಂಡುಗಳನ್ನು ತೆಗೆದಿಟ್ಟು, ಗ್ರೇವಿಯನ್ನು ಮಾತ್ರ ಕುದಿಸಿ, ಕೊನೆಗೆ ಅವನ್ನು ಅದರಲ್ಲಿ ಮುಳುಗಿಸಿ ಪೂರ್ತಿ ಬಿಸಿಯಾಗುವಷ್ಟೇ ಹೊತ್ತು ಇಟ್ಟು ನೋಡುತ್ತೇನೆ. ಮುಳ್ಳಿಲ್ಲದ ತೆಳು ತುಂಡುಗಳನ್ನು ಆಮೇಲೆ ಕೈಗೆತ್ತಿಕೊಳ್ಳುತ್ತೇನೆ.