ಊಟವಾದ ಮೇಲಿನ ನೋವು

ನಾನು ಬರೆದ ಮೊದಲ ಕೇಸ್ ಶೀಟ್‌ಗಳಲ್ಲಿ ಒಂದರ ಸಾಲು ಇಂದಿಗೂ ಬಾಯಿಪಾಠ: ‘ಮೇಲುಹೊಟ್ಟೆ ನೋವು, 3 ವಾರ, ಊಟದಿಂದ ಬರುತ್ತದೆ, ಆಂಟಾಸಿಡ್‌ನಿಂದ ಕಡಿಮೆಯಾಗುತ್ತದೆ.’ ಕೆಳಗೆ ತೀರ್ಮಾನವನ್ನೂ ಬರೆದಿದ್ದೆ, ಆಸಿಡಿಟಿ ಅಂತ. ಮೂರನೇ ವರ್ಷದ ಮೆಡಿಸಿನ್ ಪೋಸ್ಟಿಂಗ್‌ನ ಎರಡನೇ ವಾರ ಅದು. ಹತ್ತು ನಿಮಿಷದಲ್ಲಿ ಕೇಸ್ ಮುಗಿಸಿದೆ ಅನ್ನೋ ಹೆಮ್ಮೆಯಲ್ಲಿ ಶೀಟನ್ನು ಮೇಡಂ ಮುಂದಿಟ್ಟೆ.

ಮೇಡಂ ಓದಿ, ಹಾಳೆಯನ್ನು ಮಗುಚಿ ಮೇಜಿನ ಮೇಲಿಟ್ಟರು. “ಊಟ ಆಗಿ ಎಷ್ಟು ಹೊತ್ತಿಗೆ ಬರುತ್ತೆ?” ಅಂದರು. ಕೇಳಿರಲಿಲ್ಲ. “ಆಗ ಅವರು ಏನು ಮಾಡ್ತಿರ್ತಾರೆ?” ಅದೂ ಗೊತ್ತಿರಲಿಲ್ಲ. “ಹಾಗಾದ್ರೆ ಊಟದಿಂದ ಬರುತ್ತೆ ಅಂತ ಯಾರು ಹೇಳಿದ್ದು?” ಅಂದರು. ರೋಗಿಯೇ ಹೇಳಿದ್ದು ಮೇಡಂ, ಅಂದೆ. “ಅವರು ಊಟ ಆದ ಮೇಲೆ ಅಂದ್ರು. ಊಟದಿಂದ ಅಂತ ಬರೆದುಕೊಂಡಿದ್ದು ನೀನು” ಅಂತ ಹೇಳಿ ಸ್ಟೂಲ್ ಎಳೆದುಕೊಂಡು ರೋಗಿಯ ಪಕ್ಕ ಕೂತರು. ಮುಂದಿನ ಇಪ್ಪತ್ತು ನಿಮಿಷ ನಾನು ನಿಂತುಕೊಂಡೇ ಕೇಳಿದೆ.

ರೋಗಿಗೆ 54 ವರ್ಷ, ಕಚೇರಿಯಲ್ಲಿ ಕೂತು ಮಾಡುವ ಕೆಲಸ. ಮೇಡಂ ಮೊದಲು ಕೇಳಿದ್ದು ನೋವಿನ ಬಗ್ಗೆ ಅಲ್ಲ, ಅದು ಬಂದ ಮೊಟ್ಟಮೊದಲ ದಿನದ ಬಗ್ಗೆ. “ಆ ದಿನ ಊಟ ಮುಗಿಸಿ ಎದ್ದಿರಿ. ಆಮೇಲೆ?” ಆಮೇಲೆ ಕೈ ತೊಳೆದದ್ದು, ಕೆಳಗಿನ ಊಟದ ಕೋಣೆಯಿಂದ ಹೊರಟದ್ದು, ಎರಡು ಮಹಡಿ ಮೆಟ್ಟಿಲು ಹತ್ತಿದ್ದು. ಮೇಲೆ ತಲುಪುವಾಗ ಹೊಟ್ಟೆಯ ಮೇಲ್ಭಾಗದಲ್ಲಿ ಏನೋ ಹಿಡಿದುಕೊಂಡಿತು. ಒಂದೇ ಏಟಿಗೆ ಬಂತೋ, ನಿಧಾನಕ್ಕೆ ಏರಿತೋ? ಎರಡು ಮೂರು ನಿಮಿಷದಲ್ಲಿ ಏರಿತು ಅಂದರು.

ಆ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ ಅಂತ ಮೇಡಂ ಆಮೇಲೆ ಹೇಳಿದರು. ಶುರುವಾದ ಕ್ಷಣದಲ್ಲೇ ತುತ್ತತುದಿ ಮುಟ್ಟುವ ನೋವು ಅಂದರೆ ಏನೋ ಹರಿದಿದೆ, ಒಡೆದಿದೆ ಎಂಬ ಅನುಮಾನ ಬರಬೇಕು: ಮಹಾಧಮನಿಯ ಗೋಡೆ ಸೀಳಿರಬಹುದು, ಹುಣ್ಣು ತೂತಾಗಿರಬಹುದು. ಗಂಟೆಗಳ ಮೇಲೆ ಬೆಳೆಯುತ್ತಾ ಹೋಗುವುದು ಹೆಚ್ಚಾಗಿ ಉರಿಯೂತ. ಕೆಲವು ನಿಮಿಷದಲ್ಲಿ ಏರಿ, ಕೆಲವು ನಿಮಿಷದಲ್ಲಿ ಇಳಿದು, ಮತ್ತೆ ಅದೇ ಸಂದರ್ಭದಲ್ಲಿ ಬರುವುದು ಬೇರೆಯದೇ ಜಾತಿ. ‘ಯಾವಾಗಿನಿಂದ’ ಅಂತ ನಾನು ಕೇಳಿದ್ದೆ, ‘ಹೇಗೆ ಶುರುವಾಯಿತು’ ಅಂತ ಕೇಳಿರಲಿಲ್ಲ. ಎರಡೂ ಒಂದೇ ಅಂದುಕೊಂಡಿದ್ದೆ.

ಇನ್ನು ಊಟ ಮತ್ತು ಮೆಟ್ಟಿಲನ್ನು ಬಿಡಿಸುವ ಕೆಲಸ. ಮೂರು ವಾರದಿಂದ ಇವೆರಡೂ ಜೊತೆಜೊತೆಗೇ ನಡೆದಿದ್ದವು, ಹಾಗಾಗಿ ರೋಗಿಗೆ ಕಂಡದ್ದು ಊಟ ಮಾತ್ರ. ಮೇಡಂ ಕೇಳಿದರು, “ಭಾನುವಾರ?” ಭಾನುವಾರ ಮನೆಯಲ್ಲಿ ಇನ್ನೂ ಜಾಸ್ತಿ ಊಟ, ಆದರೆ ನೋವಿಲ್ಲ, ಊಟ ಮುಗಿದ ಮೇಲೆ ಕೂತುಬಿಡುತ್ತಾರೆ. ರಾತ್ರಿ ಊಟಕ್ಕೂ ಬಂದದ್ದಿಲ್ಲ. “ಊಟ ಮಾಡದೇ ಯಾವತ್ತಾದ್ರೂ ಬಂದಿತ್ತಾ?” ಅವರು ಸ್ವಲ್ಪ ಹೊತ್ತು ಯೋಚಿಸಿದರು. ಒಂದು ಬೆಳಗ್ಗೆ ತಡವಾಗಿ, ಬರಿಹೊಟ್ಟೆಯಲ್ಲೇ ಬಸ್ಸಿಗೆ ಓಡಿದ್ದರು, ಅವತ್ತು ಬಂದಿತ್ತು. “ಬೆಳಗ್ಗೆ ತಿಂದಿರಲಿಲ್ಲವಲ್ಲ, ಅದಕ್ಕೇ ಗ್ಯಾಸ್ ಆಯ್ತು ಅಂದ್ಕೊಂಡೆ ಡಾಕ್ಟ್ರೇ” ಅಂದರು. ತಿಂದರೂ ಗ್ಯಾಸ್, ತಿನ್ನದಿದ್ದರೂ ಗ್ಯಾಸ್. ನಗು ಬಂತು, ಆದರೆ ನಾನು ಬರೆದದ್ದೂ ಅದನ್ನೇ ಅಲ್ಲವೇ.

ನೋವಿನ ಸ್ವರೂಪ ಕೇಳುವಾಗ ನಾನು ಮಾಡಿದ್ದ ತಪ್ಪು ಇನ್ನೂ ಮೋಜಿನದು. “ಉರಿಯಾ, ಚುಚ್ಚುತ್ತಾ?” ಅಂತ ಎರಡೇ ಆಯ್ಕೆ ಕೊಟ್ಟಿದ್ದೆ, ಅವರು ಪಾಪ ಒಂದನ್ನು ಆರಿಸಿಕೊಂಡಿದ್ದರು. ಮೇಡಂ ಆಯ್ಕೆ ಕೊಡಲಿಲ್ಲ. “ಹೇಗಿರುತ್ತೆ ಅಂತ ನಿಮ್ಮ ಮಾತಲ್ಲೇ ಹೇಳಿ” ಅಂದು ಸುಮ್ಮನಾದರು. ಆ ಮೌನ ನನಗೆ ಬಲು ಉದ್ದ ಅನ್ನಿಸಿತು. ಕೊನೆಗೆ ಅವರು, “ನೋವು ಅಂತಲೇ ಅಲ್ಲ. ಸಂಕಟ. ಕಲ್ಲಿಟ್ಟ ಹಾಗೆ” ಅಂದರು. ನೋವು ಅನ್ನೋ ಪದವನ್ನೇ ಒಪ್ಪದ ಮನುಷ್ಯನಿಗೆ ನಾನು ನೋವು ಎಷ್ಟು, ನೋವು ಹೇಗೆ ಅಂತ ಕೇಳುತ್ತಾ ಹೋಗಿದ್ದೆ. ಹೃದಯಕ್ಕೆ ರಕ್ತ ಸಾಲದೆ ಬರುವ ತೊಂದರೆಯನ್ನು, ಅಂದರೆ ಆಂಜೈನಾವನ್ನು, ಜನ ಎಷ್ಟೋ ಸಲ ನೋವು ಅನ್ನುವುದಿಲ್ಲ. ಭಾರ, ಬಿಗಿತ, ಹಿಡಿತ, ಸಂಕಟ ಅನ್ನುತ್ತಾರೆ, “ನಿಮಗೆ ಎದೆನೋವು ಇದೆಯಾ?” ಅಂದರೆ ಪ್ರಾಮಾಣಿಕವಾಗಿಯೇ ಇಲ್ಲ ಅನ್ನುತ್ತಾರೆ. ಅಂದಿನಿಂದ ನಾನು ರೋಗಿಯ ಪದವನ್ನೇ ಕೇಸ್ ಶೀಟ್‌ನಲ್ಲಿ ಬರೆದು, ಆ ಪದ ಹಿಡಿದೇ ಮುಂದಿನ ಪ್ರಶ್ನೆ ಕೇಳುತ್ತೇನೆ.

“ಎಲ್ಲಿ, ಕೈಯಲ್ಲಿ ತೋರಿಸಿ” ಅಂದಾಗ ಅವರು ಬೆರಳು ಇಡಲಿಲ್ಲ, ಇಡೀ ಅಂಗೈಯನ್ನು ಎದೆಗೂಡಿನ ಕೆಳತುದಿಯಿಂದ ಹೊಟ್ಟೆಯ ಮೇಲ್ಭಾಗದವರೆಗೆ ಹರವಿಟ್ಟರು. ಒಂದೇ ಬೆರಳ ತುದಿಯಲ್ಲಿ ತೋರಿಸಬಲ್ಲ ನೋವು, ಒತ್ತಿದರೆ ಹೆಚ್ಚಾಗುವ ನೋವು, ಉಸಿರೆಳೆದಾಗ ಚುಚ್ಚುವ ನೋವು, ಇವು ಹೃದಯದ ಕಡೆಯ ಅನುಮಾನವನ್ನು ತಗ್ಗಿಸುತ್ತವೆ. ತಗ್ಗಿಸುತ್ತವೆ ಅಷ್ಟೇ, ಅಳಿಸುವುದಿಲ್ಲ. ಅದು ಹರಡುತ್ತದೆಯೇ ಎಂದು ಕೇಳುವಾಗಲೂ ಮೇಡಂ ಎಡಗೈ ಹೆಸರೆತ್ತಲಿಲ್ಲ. “ಎಡಗೈಗೆ ಹೋಗುತ್ತಾ?” ಅಂದರೆ ಅರ್ಧ ಜನ ಡಾಕ್ಟರನ್ನು ಯಾಕೆ ನಿರಾಸೆಗೊಳಿಸಬೇಕು ಅಂತ ಹೌದು ಅನ್ನುತ್ತಾರೆ. “ಅಲ್ಲೇ ಇರುತ್ತಾ, ಎಲ್ಲಾದ್ರೂ ಹೋಗುತ್ತಾ?” ಅಲ್ಲೇ ಇರುತ್ತೆ ಅಂದರು. “ಆ ಹೊತ್ತಲ್ಲಿ ಮೈಯಲ್ಲಿ ಬೇರೆಲ್ಲಾದ್ರೂ ಏನಾದ್ರೂ ಆಗುತ್ತಾ?” ಅವರ ಕೈ ತಾನಾಗಿ ಕೆಳದವಡೆಗೆ ಹೋಯಿತು. ಹಲ್ಲು ಜುಮ್ಮನ್ನುತ್ತದೆ, ಅದು ಬೇರೆ ವಿಷಯ, ಹಲ್ಲಿನ ಡಾಕ್ಟರಿಗೂ ತೋರಿಸಿದ್ದೆ, ಹುಳುಕೇನೂ ಇಲ್ಲ ಅಂದರು, ಎಂದರು.

ಅವರ ಲೆಕ್ಕದಲ್ಲಿ ಹಲ್ಲು ಬೇರೆ, ಹೊಟ್ಟೆ ಬೇರೆ. ಹೃದಯದಿಂದ ಹೊರಟ ನೋವಿನ ನರಗಳೂ ಎದೆ, ತೋಳುಗಳಿಂದ ಬಂದ ನರಗಳೂ ಬೆನ್ನುಹುರಿಯಲ್ಲಿ ಒಂದೇ ಮಟ್ಟದಲ್ಲಿ ಸೇರಿಕೊಳ್ಳುತ್ತವೆ. ಸುದ್ದಿ ಯಾರ ಮನೆಯಿಂದ ಬಂತು ಅಂತ ಮೆದುಳಿಗೆ ಸರಿಯಾಗಿ ತಿಳಿಯುವುದಿಲ್ಲ. ಕುತ್ತಿಗೆ, ದವಡೆಗೂ ಹೀಗೆಯೇ ವಿಳಾಸ ತಪ್ಪುತ್ತದೆ. ಹಾಗಾಗಿ ‘ಹರಡುತ್ತದೆಯೇ’ ಅನ್ನುವ ಪ್ರಶ್ನೆಗಿಂತ ‘ಅದೇ ಹೊತ್ತಿಗೆ ಬೇರೆಲ್ಲಿ’ ಅನ್ನುವ ಪ್ರಶ್ನೆ ಹೆಚ್ಚು ಕೆಲಸ ಮಾಡುತ್ತದೆ.

ತೀವ್ರತೆಗೆ ನಾನು ಹತ್ತರಲ್ಲಿ ನಾಲ್ಕು ಅಂತ ಬರೆದಿದ್ದೆ, ನಾಲ್ಕು ಅಂದರೆ ಪರವಾಗಿಲ್ಲ ಅಂದುಕೊಂಡಿದ್ದೆ. ಮೇಡಂ ಅದನ್ನು ಒಪ್ಪಿಕೊಂಡೇ ಮುಂದೆ ಹೋದರು. “ಮೊದಲ ವಾರ ಎಷ್ಟು ಮೆಟ್ಟಿಲಿಗೆ ಬರ್ತಿತ್ತು?” ಎರಡನೇ ಮಹಡಿ ತಲುಪುವಾಗ. “ಈಗ?” ಈಗ ಮೊದಲ ಮಹಡಿಯಲ್ಲೇ ನಿಲ್ಲಬೇಕು. “ಸುಮ್ನೆ ಇದ್ದಾಗ?” ಮೊನ್ನೆ ರಾತ್ರಿ ನಿದ್ದೆಯಿಂದ ಎಬ್ಬಿಸಿತ್ತು, ಹತ್ತು ಹದಿನೈದು ನಿಮಿಷ ಇತ್ತು. ಅಂಕಿ ನಾಲ್ಕರಲ್ಲೇ ಇತ್ತು, ಆದರೆ ಆ ನಾಲ್ಕು ಬರಲು ಬೇಕಾದ ಶ್ರಮ ವಾರದಿಂದ ವಾರಕ್ಕೆ ಕುಸಿಯುತ್ತಾ, ಕೊನೆಗೆ ಶ್ರಮವೇ ಬೇಡ ಅನ್ನುವಲ್ಲಿಗೆ ಬಂದಿತ್ತು. ಮೇಡಂ ತಲೆಯೆತ್ತಿ ನರ್ಸಿಗೆ ಇಸಿಜಿ ಅಂದದ್ದು ಆ ಹೊತ್ತಿಗೆ. ಶ್ರಮಕ್ಕೆ ಮಾತ್ರ ಬಂದು, ತಿಂಗಳುಗಟ್ಟಲೆ ಒಂದೇ ಅಳತೆಯಲ್ಲಿರುವ ಆಂಜೈನಾ ಒಂದು ಬಗೆ. ಹೀಗೆ ಜರುಗುತ್ತಾ ಬಂದು ವಿಶ್ರಾಂತಿಯಲ್ಲೂ ಕಾಣಿಸಿಕೊಳ್ಳುವುದು ಅಸ್ಥಿರ ಆಂಜೈನಾ. ಅದನ್ನು ಚೀಟಿ ಬರೆದುಕೊಟ್ಟು ಮನೆಗೆ ಕಳಿಸುವಂತಿಲ್ಲ.

ಇಸಿಜಿ ತೆಗೆಯಲು ತಂತಿ ಹಚ್ಚುತ್ತಿರುವಾಗ ನಾನು ನನ್ನ ಕೊನೆಯ ಆಧಾರವನ್ನು ಹಿಡಿದುಕೊಂಡು ನಿಂತಿದ್ದೆ. ಆದರೆ ಮೇಡಂ, ಆಂಟಾಸಿಡ್‌ಗೆ ಐದು ನಿಮಿಷದಲ್ಲಿ ಹೋಗುತ್ತಂತೆ? ಮೇಡಂ ನನ್ನ ಕಡೆ ನೋಡದೆ ರೋಗಿಯನ್ನು ಕೇಳಿದರು: “ಆ ಮಾತ್ರೆ ಎಲ್ಲಿಟ್ಟಿರ್ತೀರಿ?” ಕಚೇರಿಯ ಮೇಜಿನ ಡ್ರಾಯರ್‌ನಲ್ಲಿ. ಅಂದರೆ ಮೆಟ್ಟಿಲು ಹತ್ತಿ, ಕುರ್ಚಿಗೆ ಬಂದು ಕೂತು, ಡ್ರಾಯರ್ ಎಳೆದು, ಮಾತ್ರೆ ಜಗಿದು, ಐದು ನಿಮಿಷ ಕಾಯುವುದು. “ಮಾತ್ರೆ ಖಾಲಿಯಾದ ದಿನ ಏನಾಯ್ತು?” ಒಂದು ದಿನ ಖಾಲಿಯಾಗಿತ್ತು, ಸುಮ್ಮನೆ ಕೂತರು, ಹೋಯಿತು. ಎಷ್ಟು ಹೊತ್ತಿಗೆ? ಅಷ್ಟೇ ಹೊತ್ತಿಗೆ. ಮಾತ್ರೆಗೆ ಸಿಕ್ಕ ಹೆಸರು ನಿಜವಾಗಿ ಕುರ್ಚಿಗೆ ಸಿಗಬೇಕಿತ್ತು.

ಯಾವುದರಿಂದ ಕಡಿಮೆಯಾಗುತ್ತದೆ ಎಂಬ ಪ್ರಶ್ನೆಗೆ ಬರುವ ಉತ್ತರವನ್ನು ನಾನು ಅಂದಿನಿಂದ ಅನುಮಾನದಿಂದಲೇ ನೋಡುತ್ತೇನೆ. ಇದು ಎರಡೂ ಕಡೆ ಕೊಯ್ಯುತ್ತದೆ. ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆಗೆ ನೋವು ಹೋಯಿತು, ಆದ್ದರಿಂದ ಹೃದಯದ್ದೇ ಅನ್ನುವಂತಿಲ್ಲ, ಅನ್ನನಾಳದ ಸೆಳೆತವೂ ಅದಕ್ಕೆ ಸಡಿಲಾಗುತ್ತದೆ. ಆಂಟಾಸಿಡ್ ಕುಡಿಸಿದ ಮೇಲೆ ಹಾಯೆನಿಸಿತು, ಆದ್ದರಿಂದ ಹೃದಯದ್ದಲ್ಲ ಅನ್ನುವಂತೆಯೂ ಇಲ್ಲ. ಒಂದೊಂದು ಉತ್ತರ ಪಟ್ಟಿಯನ್ನು ಸ್ವಲ್ಪ ಸಣ್ಣದು ಮಾಡುತ್ತದೆ ಅಷ್ಟೆ. ಬಾಗಿದಾಗ, ಮಲಗಿದಾಗ ಎದೆ ಉರಿದು ಬಾಯಿಗೆ ಹುಳಿನೀರು ಬರುತ್ತದೆ, ಮೆಟ್ಟಿಲು ಹತ್ತಿದರೆ ಏನೂ ಆಗುವುದಿಲ್ಲ ಅಂದಿದ್ದರೆ ಪಟ್ಟಿ ಆಚೆ ಕಡೆ ವಾಲುತ್ತಿತ್ತು. ಮುಂದಕ್ಕೆ ಬಾಗಿ ಕೂತರೆ ಮಾತ್ರ ಹಾಯೆನಿಸಿದ್ದರೆ ಹೃದಯದ ಹೊರಪೊರೆಯನ್ನೂ ಮೇದೋಜೀರಕ ಗ್ರಂಥಿಯನ್ನೂ ನೆನೆಯಬೇಕಿತ್ತು.

ಇಸಿಜಿ ಬಂತು. ನಾರ್ಮಲ್. ನನ್ನ ಮುಖ ಅರಳಿದ್ದನ್ನು ಮೇಡಂ ನೋಡಿರಬೇಕು. “ಈಗ ಅವರಿಗೆ ಸಂಕಟ ಇದೆಯಾ?” ಇಲ್ಲ. “ಮತ್ತೆ ಈಗಿನ ಇಸಿಜಿಯಲ್ಲಿ ಏನು ಕಾಣಬೇಕು ಅಂತೀಯ?” ಆಸ್ಪಿರಿನ್ ಕೊಟ್ಟು ಅಡ್ಮಿಟ್ ಮಾಡಿದರು. ರಕ್ತದ ಟ್ರೋಪೋನಿನ್ ಕೂಡ ಮಾಮೂಲಾಗಿಯೇ ಇತ್ತು. ಹೃದಯದ ಸ್ನಾಯು ಇನ್ನೂ ಸತ್ತಿರಲಿಲ್ಲ ಅನ್ನುವುದನ್ನಷ್ಟೇ ಅದು ಹೇಳುತ್ತಿತ್ತು. ಆ ರಾತ್ರಿ ಎರಡರ ಸುಮಾರಿಗೆ ಸಂಕಟ ಮತ್ತೆ ಬಂದಾಗ ತೆಗೆದ ಇಸಿಜಿಯಲ್ಲಿ ಎಸ್‌ಟಿ ಭಾಗ ಕೆಳಗಿಳಿದಿತ್ತು, ಹೃದಯಕ್ಕೆ ರಕ್ತ ಸಾಲುತ್ತಿಲ್ಲ ಅನ್ನುವುದರ ಗುರುತು ಅದು. ಸಂಕಟ ಹೋದ ಮೇಲೆ ಅದೂ ಮೊದಲಿನಂತಾಯಿತು. ಆಂಜಿಯೋಗ್ರಾಂನಲ್ಲಿ ಹೃದಯದ ಮುಂಭಾಗಕ್ಕೆ ಇಳಿಯುವ ರಕ್ತನಾಳ ಕಿರಿದಾಗಿದ್ದು ಕಂಡು ಸ್ಟೆಂಟ್ ಹಾಕಿದರು.

ಆ ವಾರ ಲೈಬ್ರರಿಯಲ್ಲಿ ಕೂತು ಓದಿದಾಗ ತಿಳಿಯಿತು: ವಿಲಿಯಂ ಹೆಬರ್ಡನ್ ಎಂಬ ವೈದ್ಯ 1768ರಲ್ಲಿ ಲಂಡನ್ನಿನ ವೈದ್ಯರ ಕಾಲೇಜಿನಲ್ಲಿ ಆಂಜೈನಾದ ವರ್ಣನೆಯನ್ನು ಮಂಡಿಸಿದ್ದ. ನಡೆಯುವಾಗ, ಅದರಲ್ಲೂ ಏರು ಹತ್ತುವಾಗ, ಊಟವಾದ ಕೂಡಲೇ ನಡೆದಾಗ ಎದೆಯಲ್ಲಿ ಬರುತ್ತದೆ, ನಿಂತ ಕೂಡಲೇ ಮಾಯವಾಗುತ್ತದೆ ಅಂತ. ಇಸಿಜಿ ಬರಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಬಾಕಿ ಇತ್ತು. ನಾನು ತಿರುಗಿಸಿ ಬರೆದಿದ್ದ ಊಟ ಅವನ ಪಟ್ಟಿಯಲ್ಲೂ ಇತ್ತು, ಆದರೆ ಅವನು ಅದರ ಪಕ್ಕದಲ್ಲೇ ನಡಿಗೆಯನ್ನೂ ಇಟ್ಟಿದ್ದ.

ಹೀಗೆ ಕೇಳಿದರೆ ಎಲ್ಲವೂ ಸಿಕ್ಕಿಬಿಡುತ್ತದೆ ಅಂತಲೂ ಅಲ್ಲ. ಕೆಲವು ವರ್ಷಗಳ ನಂತರ ಬಹುಕಾಲದ ಸಕ್ಕರೆ ಕಾಯಿಲೆ ಇದ್ದ ಒಬ್ಬ ಅಜ್ಜಿ ಬರೀ ಉಸಿರು ಕಟ್ಟುತ್ತದೆ, ಸುಸ್ತು ಅಂದರು. ನಾನು ಎಷ್ಟು ಬಗೆಯಲ್ಲಿ ಕೇಳಿದರೂ ನೋವಿಲ್ಲ, ಸಂಕಟವಿಲ್ಲ, ಬಿಗಿತವಿಲ್ಲ. ನರಗಳೇ ಮಂಕಾಗಿರುವಾಗ ನೋವಿನ ಕಥೆ ಇರುವುದೇ ಇಲ್ಲ. ಅವರ ಹೃದಯಾಘಾತ ಇಸಿಜಿಯಲ್ಲಿ ಕಂಡದ್ದು, ನನ್ನ ಪ್ರಶ್ನೆಗಳಲ್ಲಲ್ಲ.

ಮೊದಲಿನ ರೋಗಿ ಡಿಸ್ಚಾರ್ಜ್ ಆಗುವ ದಿನ ಮಾತ್ರೆಗಳ ಪಟ್ಟಿಯನ್ನು ಅವರಿಗೆ ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ರಕ್ತ ಹೆಪ್ಪುಗಟ್ಟದಿರಲು ಎರಡು, ಕೊಬ್ಬಿಗೆ ಒಂದು, ಹೃದಯದ ಬಡಿತ ತಗ್ಗಿಸಲು ಒಂದು. ಕೊನೆಯದಕ್ಕೆ ಬೆರಳಿಟ್ಟು, ಇದು ಯಾತಕ್ಕೆ ಅಂದರು. ಮೊದಲೆರಡು ಮಾತ್ರೆಗಳಿಂದ ಹೊಟ್ಟೆಯಲ್ಲಿ ಹುಣ್ಣಾಗದಿರಲಿ ಅಂತ, ಆಸಿಡ್ ಕಡಿಮೆ ಮಾಡುವ ಮಾತ್ರೆ ಅಂದೆ. ಅವರು ಚೀಟಿ ಮಡಚಿ ಜೇಬಿಗಿಟ್ಟುಕೊಂಡು ನನ್ನನ್ನೊಮ್ಮೆ ನೋಡಿದರು.

“ನೀವು ಮೊದಲನೇ ದಿನ ಬರೆದದ್ದೂ ಪೂರ್ತಿ ದಂಡವಾಗಲಿಲ್ಲ ಬಿಡಿ ಡಾಕ್ಟ್ರೇ” ಅಂದರು.