ಕುದುರೆಮುಖ ಚಾರಣ: ಫೋನ್ ಫೋಟೊದಲ್ಲಿ ಬೆಟ್ಟ ಚಪ್ಪಟೆಯಾಗದಿರಲು

ಕುದುರೆಮುಖ ಹತ್ತಿ ಬಂದವರ ಫೋಟೊಗಳು ಹೆಚ್ಚುಕಮ್ಮಿ ಒಂದೇ ಥರ. ಮೇಲೆ ಬೆಳ್ಳಗಿನ ಆಕಾಶ, ಕೆಳಗೆ ಹಸಿರು ಪಟ್ಟಿ. ಏದುಸಿರು ಬಿಟ್ಟು ಹತ್ತಿದ ಶಿಖರ ಊರಾಚೆಯ ದಿಬ್ಬದಂತೆ ಕಾಣುತ್ತದೆ. ಹತ್ತಿರದ ವಸ್ತು ಒಂದೂ ಇಲ್ಲದಿದ್ದರೆ ಬೆಟ್ಟ ಎಷ್ಟು ದೂರ, ಎಷ್ಟು ದೊಡ್ಡದು ಅಂತ ನೋಡುವವರಿಗೆ ಅಂದಾಜೇ ಸಿಗುವುದಿಲ್ಲ.

ಮುಳ್ಳೋಡಿಯಿಂದ ಹೊರಟು ಒಂಟಿಮರ ತಲುಪಿದ ಮೇಲೆ ಹುಲ್ಲಿನ ಬೆಟ್ಟಗಳು ತೆರೆದುಕೊಳ್ಳುತ್ತವೆ. ನಿಂತಲ್ಲೇ ಫೋನ್ ಎತ್ತಬೇಡಿ. ದಾರಿ ಪಕ್ಕ ಕಲ್ಲುಹೂ ಹಿಡಿದ ಬಂಡೆ ಸಿಗುತ್ತಾ ನೋಡಿ. ಅದರಿಂದ ಎರಡಡಿ ದೂರದಲ್ಲಿ ಕುಕ್ಕರುಗಾಲಲ್ಲಿ ಕೂತು, ಫೋನನ್ನು ತಲೆಕೆಳಗು ಮಾಡಿ ಹಿಡಿಯಿರಿ. ಲೆನ್ಸ್ ಕೆಳಗೆ ಬರುತ್ತದೆ, ಬಂಡೆ ದೊಡ್ಡದಾಗಿ ಕಾಣುತ್ತದೆ.

ಆದರೆ ತೀರಾ ಕೆಳಗೆ ಹೋದರೂ ಕಷ್ಟ. ಬಂಡೆ ಮತ್ತು ಬೆಟ್ಟದ ನಡುವಿನ ಕಣಿವೆ ಮರೆಯಾಗಿ, ಎರಡನ್ನೂ ಅಂಟಿಸಿದ ಹಾಗೆ ಕಾಣುತ್ತದೆ. ಸ್ಕ್ರೀನ್ ನೋಡುತ್ತಾ ಫೋನನ್ನು ನಿಧಾನಕ್ಕೆ ಮೇಲೆತ್ತಿ. ಬಂಡೆಯ ತಲೆಯ ಮೇಲೆ ಕಣಿವೆಯ ಶೋಲಾ ಕಾಡು ಒಂದು ಪಟ್ಟಿಯಾಗಿ ಕಂಡ ಕೂಡಲೇ ನಿಲ್ಲಿಸಿ. ಬಹಳ ಸಲ ಆ ಎತ್ತರ ಮೊಣಕಾಲಿನಿಂದ ಸೊಂಟದೊಳಗೇ ಸಿಗುತ್ತದೆ. ಫೋಟೊಗೆ ಆಳ ಕೊಡುವುದು ಈ ಪಟ್ಟಿ, ಬರೀ ಬಂಡೆಯಲ್ಲ.

ಇದಕ್ಕೆ 1x ಸಾಕು. 0.5x ಹಾಕಿದರೆ ಹಿಂದಿನ ಶಿಖರ ಇನ್ನೂ ಕುಗ್ಗುತ್ತದೆ. ಬಂಡೆಗೆ ಅಂಗೈಯಷ್ಟು ಹತ್ತಿರ ಹೋದರೆ ಕೆಲವು ಫೋನ್‌ಗಳು ತಾವಾಗಿಯೇ ಮ್ಯಾಕ್ರೊಗೆ ಬದಲಾಗಿ ಬೆಟ್ಟವನ್ನು ಮಸುಕು ಮಾಡಿಬಿಡುತ್ತವೆ. ತೆಗೆದ ತಕ್ಷಣ ಹಿಗ್ಗಿಸಿ ಶಿಖರದ ಅಂಚು ನೋಡಿ. ಮಸುಕಾಗಿದ್ದರೆ ಅರ್ಧ ಹೆಜ್ಜೆ ಹಿಂದೆ ಸರಿದು, ಬಂಡೆಯ ಬದಲು ಅದರಾಚೆಯ ಹುಲ್ಲಿನ ಮೇಲೆ ಬೆರಳಿಟ್ಟು ಫೋಕಸ್ ಮಾಡಿ. ಆಕಾಶ ಬಿಳಿಚಿಕೊಂಡರೆ ಬ್ರೈಟ್‌ನೆಸ್ ಸ್ವಲ್ಪ ಇಳಿಸಿ. ಕಪ್ಪಾದ ಬಂಡೆಯನ್ನು ಆಮೇಲೆ ಎಡಿಟ್‌ನಲ್ಲಿ ಬೆಳಗಿಸಬಹುದು, ಬಿಳಿಚಿಹೋದ ಮೋಡ ವಾಪಸ್ ಬರುವುದಿಲ್ಲ.

ಬಂಡೆ ಸಿಗದಿದ್ದರೆ ಕಾಲುದಾರಿಯೇ ಇದೆಯಲ್ಲ. ದಾರಿ ಚಿತ್ರದ ಕೆಳಗಿನ ಮೂಲೆಯಿಂದ ಶುರುವಾಗಲಿ. ಜೊತೆಯವರು ಇಪ್ಪತ್ತು ಹೆಜ್ಜೆ ಮುಂದೆ ನಡೆಯಲಿ, ಕೆಂಪು ರೇನ್‌ಕೋಟ್ ಇದ್ದರೆ ಇನ್ನೂ ಒಳ್ಳೆಯದು. ಅವರ ತಲೆ ಬೆಟ್ಟದ ಗೆರೆಗೆ ತಾಗದಂತೆ ನೋಡಿಕೊಳ್ಳಿ, ಅಷ್ಟೇ. ಕ್ಯಾಮೆರಾ ಕಡೆ ತಿರುಗಿ ಕೈಬೀಸುವವರನ್ನು ಸುಮ್ನೆ ಮುಂದೆ ಕಳಿಸಿ!

ಅರಣ್ಯ ಇಲಾಖೆಯ ಅನುಮತಿ ಮೊದಲೇ ಮಾಡಿಸಿಕೊಂಡು, ಬೆಳಗ್ಗೆ ಬೇಗ ಹೊರಡಿ. ಬಿಸಿಲು ಓರೆಯಾಗಿ ಬೀಳುವಾಗ ಬೆಟ್ಟದ ಮಡಿಕೆಗಳು ಎದ್ದು ಕಾಣುತ್ತವೆ, ನೆತ್ತಿಗೇರಿದರೆ ಎಲ್ಲ ಸಪಾಟು. ಮಂಜು ಕವಿದರೆ ಬೇಸರ ಬೇಡ. 2xಗೆ ಹೋಗಿ, ಒಂದರ ಹಿಂದೊಂದು ತಿಳಿಬಣ್ಣಕ್ಕೆ ತಿರುಗುತ್ತಾ ಹೋಗುವ ಬೆಟ್ಟಸಾಲು ಹಿಡಿಯಿರಿ. ಆಗ ಮುಂದೆ ಒಂದು ಕಪ್ಪು ಕೊಂಬೆ ಇದ್ದರೂ ಸಾಕು. ಮಂಜಿನಲ್ಲಿ ಲೆನ್ಸ್ ಮೇಲೆ ತೇವ ಕೂರುತ್ತದೆ, ಒಣಬಟ್ಟೆಯೊಂದು ಪ್ಲಾಸ್ಟಿಕ್ ಕವರ್‌ನಲ್ಲಿರಲಿ. ಬೆವರಿದ ಟೀ ಶರ್ಟಿಗೆ ಒರೆಸಿದರೆ ಮಸುಕು ಇನ್ನೂ ಜಾಸ್ತಿಯಾಗುತ್ತದೆ.